ಖಾಲಿ ಬ್ಯಾಕಪ್ಪಿನ ಹಿಂದೆ ಉಳಿದಿದ್ದ ಹಳೇ ವರ್ಷನ್: ವಾಟ್ಸಾಪ್ ಚಾಟ್ ವಾಪಸ್ ತಂದ ನನ್ನ ಅನುಭವ

ನಮ್ಮ ಅತ್ತಿಗೆ ಸೀರೆಗೆ ಕುಚ್ಚು ಹಾಕಿಕೊಡುತ್ತಾರೆ. ಯಾವ ಸೀರೆಗೆ ಯಾವ ಡಿಸೈನ್, ಯಾರು ಎಷ್ಟು ಅಡ್ವಾನ್ಸ್ ಕೊಟ್ಟಿದ್ದಾರೆ ಅನ್ನೋದೆಲ್ಲ ಅವರ ವಾಟ್ಸಾಪ್ ಚಾಟ್‌ಗಳಲ್ಲೇ ಇರುತ್ತದೆ. 2025ರ ಮಾರ್ಚ್ 7, ಶುಕ್ರವಾರ ಸಂಜೆ ಫೋನ್‌ನಲ್ಲಿ ಜಾಗ ತುಂಬಿದೆ ಎಂದು ಒಂದು ಅಂಗಡಿಗೆ ಕೊಟ್ಟರು. ಅಲ್ಲಿ ವಾಟ್ಸಾಪ್ ಫೋಲ್ಡರನ್ನೇ ಅಳಿಸಿ, ಆ್ಯಪ್ ತೆಗೆದು ಮತ್ತೆ ಹಾಕಿದರು. ಹಳೆಯದನ್ನು ವಾಪಸ್ ತರಲೇ ಎಂದು ಅದು ಕೇಳಿದಾಗ Skip ಒತ್ತಿದರು. ಸೋಮವಾರ ಅತ್ತಿಗೆ ಫೋನ್ ಮಾಡಿ, "ಒಂದು ಆರ್ಡರೂ ಕಾಣ್ತಿಲ್ಲ ಕಣೋ, ಎಲ್ಲಾ ಖಾಲಿ" ಅಂದರು.

ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ವಾಟ್ಸಾಪ್ ದಿನಾ ಬೆಳಗಿನ ಜಾವ 2 ಗಂಟೆಗೆ ಬ್ಯಾಕಪ್ ತೆಗೆಯುತ್ತದೆ. ಒಳಗೆ ಚಾಟ್ ಇದೆಯೋ ಇಲ್ಲವೋ ನೋಡುವುದಿಲ್ಲ. ಖಾಲಿ ವಾಟ್ಸಾಪ್‌ನ ಖಾಲಿ ಬ್ಯಾಕಪ್ಪೇ ಗೂಗಲ್ ಖಾತೆಗೆ ಹೋಗಿ, ಹಳೆಯದರ ಜಾಗದಲ್ಲಿ ಕೂತಿತ್ತು. ಆ ಬ್ಯಾಕಪ್‌ಗೆ ಒಂದೇ ಪ್ರತಿ. ಡ್ರೈವ್‌ನಲ್ಲಿ ಅದು ಮಾಮೂಲಿ ಫೈಲ್ ತರ ಕಾಣುವುದೂ ಇಲ್ಲ, ಹಿಂದಿನ ವರ್ಷನ್ ಆರಿಸುವ ದಾರಿಯೂ ಇಲ್ಲ. ಫೋನ್‌ನಲ್ಲಿ ವಾಟ್ಸಾಪ್ ಸುಮಾರು ಏಳು ದಿನಗಳ ಪ್ರತಿ ಇಟ್ಟುಕೊಂಡಿರುತ್ತದೆ. ಫೋಲ್ಡರ್ ಅಳಿಸಿದ್ದರಿಂದ ಅವೂ ಹೋಗಿದ್ದವು.

ಉಳಿದಿದ್ದು ಒಂದೇ ದಾರಿ. ಅತ್ತಿಗೆಯ ಫೋನ್‌ನಲ್ಲಿ ಫೋಲ್ಡರ್ ಸಿಂಕ್ ಮಾಡುವ ಒಂದು ಆ್ಯಪನ್ನು ನಾನು ಮೊದಲೇ ಹಾಕಿಕೊಟ್ಟಿದ್ದೆ. ವಾಟ್ಸಾಪ್‌ನ ಚಾಟ್ ಫೈಲನ್ನು ಅದು ದಿನಾ ಬೆಳಗಿನ ಜಾವ 4 ಗಂಟೆಗೆ ಗೂಗಲ್ ಡ್ರೈವ್‌ನ ಮಾಮೂಲಿ ಫೋಲ್ಡರ್‌ಗೆ ಏರಿಸುತ್ತಿತ್ತು. ಏರಿಸುವುದು ಮಾತ್ರ, ಅಳಿಸುವುದಿಲ್ಲ. ಫೋನ್‌ನಲ್ಲಿ ಆ ಫೈಲ್ ಇರುವ ಜಾಗ ಇದು:

```
Android/media/com.whatsapp/WhatsApp/Databases/msgstore.db.crypt14
```

ದಿನಾ ಅದೇ ಹೆಸರು. ಹಾಗಾಗಿ ಡ್ರೈವ್‌ನಲ್ಲೂ ಮೇಲ್ನೋಟಕ್ಕೆ ಖಾಲಿ ಫೈಲೇ ಇತ್ತು. ಆದರೆ ಡ್ರೈವ್ ಮಾಮೂಲಿ ಫೈಲ್‌ಗಳ ಹಳೇ ವರ್ಷನ್‌ಗಳನ್ನು 30 ದಿನ, ಇಲ್ಲವೇ 100 ವರ್ಷನ್ ಆಗುವ ತನಕ ಇಟ್ಟುಕೊಳ್ಳುತ್ತದೆ. ನನಗೆ ಬೇಕಾಗಿದ್ದು ಆ ಪಟ್ಟಿ.

ಹುಡುಕುವುದಕ್ಕೆ ಮೊದಲು ಹೊಸ ಬ್ಯಾಕಪ್ ಬರುವುದನ್ನು ನಿಲ್ಲಿಸಿದೆ. ಸಿಂಕ್ ಆ್ಯಪ್ ಆಫ್ ಮಾಡಿದೆ. ವಾಟ್ಸಾಪ್‌ನಲ್ಲಿ Chat backup ಒಳಗೆ ಹೋಗಿ ತಾನಾಗಿ ಗೂಗಲ್‌ಗೆ ಹೋಗುವ ಬ್ಯಾಕಪನ್ನೂ ಆಫ್ ಮಾಡಿದೆ. ಶುಕ್ರವಾರ ಸಂಜೆಯಿಂದ ಈಚೆಗೆ ಬಂದ ಮೆಸೇಜ್‌ಗಳು ಈ ಖಾಲಿ ವಾಟ್ಸಾಪ್‌ನಲ್ಲಿ ಇದ್ದವಲ್ವಾ, ಬೇಕಾದ ಚಾಟ್‌ಗಳನ್ನು Export chat ಕೊಟ್ಟು ಅತ್ತಿಗೆಯ ಇಮೇಲ್‌ಗೆ ಕಳಿಸಿಕೊಂಡೆ. ಹಳೇ ಫೈಲ್ ತಂದಾಗ ಇವು ಅದರ ಜೊತೆ ಸೇರುವುದಿಲ್ಲ, ಅಳಿಸಿಹೋಗುತ್ತವೆ.

ಆಮೇಲೆ ಕಂಪ್ಯೂಟರ್‌ನಲ್ಲಿ ಡ್ರೈವ್ ತೆರೆದೆ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಮೆನುವಿನ File information ಒಳಗೆ Manage versions ಸಿಗುತ್ತದೆ. ದಿನಾಂಕದ ಪ್ರಕಾರ ಸಾಲಾಗಿ ಬಂತು: ಮಾರ್ಚ್ 10, 9, 8, 7, 6, ಹೀಗೆ. ಈ ಪಟ್ಟಿಯಿಂದ ಯಾವುದು ತುಂಬಿದೆ, ಯಾವುದು ಖಾಲಿ ಅಂತ ಹೇಳೋಕಾಗಲ್ಲ. ಡೌನ್‌ಲೋಡ್ ಮಾಡಿ ಗಾತ್ರ ನೋಡಬೇಕು. ಒಂದೊಂದನ್ನೂ ಇಳಿಸಿ ಆಯಾ ದಿನಾಂಕದ ಹೆಸರಿನ ಫೋಲ್ಡರ್‌ನಲ್ಲಿ ಹಾಕಿದೆ. 10, 9, 8 ಮೂರೂ ಒಂದು ಎಂಬಿಯನ್ನೂ ಮುಟ್ಟಲಿಲ್ಲ. 7ರದ್ದು 142 ಎಂಬಿ. 6ರದ್ದು ಅದಕ್ಕಿಂತ ಸ್ವಲ್ಪವೇ ಕಡಿಮೆ, 5ರದ್ದು ಇನ್ನೂ ಸ್ವಲ್ಪ ಕಡಿಮೆ.

ನಾನು ನೋಡುವುದು ಇದನ್ನೇ. ಸರಿಯಾಗಿರುವ ಚಾಟ್ ಫೈಲ್ ದಿನದಿಂದ ದಿನಕ್ಕೆ ಮೆಲ್ಲಗೆ ದಪ್ಪ ಆಗುತ್ತಾ ಹೋಗುತ್ತದೆ. ಎಲ್ಲಿ ಒಮ್ಮೆಗೇ ಕುಸಿಯುತ್ತದೋ ಅದರ ಹಿಂದಿನ ದಿನದ್ದು ಬೇಕಾದ ವರ್ಷನ್. 7ನೇ ತಾರೀಖಿನ ಬೆಳಗಿನ ಜಾವದ ಪ್ರತಿ ಅಂದರೆ ಅಂಗಡಿಗೆ ಹೋಗುವ ಮೊದಲಿನದ್ದು, ಲೆಕ್ಕವೂ ಸರಿಹೋಯಿತು. ಗಾಬರಿಯಲ್ಲಿ ಇನ್ನೂ ಹಿಂದಿನ ವಾರದ್ದನ್ನು ಹಿಡಿದರೆ ಅಷ್ಟು ದಿನದ ಆರ್ಡರ್ ಸುಮ್ನೆ ಕಳೆದುಹೋಗುತ್ತಿತ್ತು. 7 ಮತ್ತು 6ರ ವರ್ಷನ್‌ಗಳಿಗೆ ಡ್ರೈವ್‌ನಲ್ಲೇ Keep forever ಕೊಟ್ಟೆ. ಆಗ 30 ದಿನದ ಗಡುವು ಅವಕ್ಕೆ ಅನ್ವಯಿಸುವುದಿಲ್ಲ. ಕೆಲವು ಸಿಂಕ್ ಆ್ಯಪ್‌ಗಳು ಹಳೇ ಫೈಲ್ ಅಳಿಸಿ ಹೊಸದನ್ನು ಏರಿಸುತ್ತವೆ. ಹಾಗಿದ್ದರೆ ವರ್ಷನ್ ಪಟ್ಟಿಯಲ್ಲಿ ಏನೂ ಸಿಗುವುದಿಲ್ಲ, ಡ್ರೈವ್‌ನ ಟ್ರ್ಯಾಶ್ ನೋಡಬೇಕು.

ಇಳಿಸಿದ ಫೈಲ್‌ನ ಹೆಸರು ನೋಡಿಕೊಳ್ಳಿ. ಒಂದೇ ಹೆಸರಿನ ಫೈಲ್ ಮತ್ತೆ ಮತ್ತೆ ಇಳಿಸಿದರೆ ಬ್ರೌಸರ್ ಅದಕ್ಕೆ (1), (2) ಅಂತ ಸೇರಿಸುತ್ತದೆ. ಆ ಹೆಸರಿದ್ದರೆ ವಾಟ್ಸಾಪ್‌ಗೆ ಗುರುತು ಸಿಗುವುದಿಲ್ಲ. ಮತ್ತೆ msgstore.db.crypt14 ಅಂತಲೇ ಮಾಡಬೇಕು. ಕೊನೆಯ ಅಂಕಿ ಮಾತ್ರ ಫೈಲ್‌ನಲ್ಲಿ ಇದ್ದ ಹಾಗೇ ಇರಲಿ. ಕೆಲವರ ಫೈಲ್ crypt15 ಇರುತ್ತದೆ, ಅದನ್ನು 14 ಮಾಡಲು ಹೋಗಬಾರದು.

ಇನ್ನು ಫೋನ್ ಕೆಲಸ. ಮೊದಲು ಅತ್ತಿಗೆಯ ಹತ್ತಿರ ಎರಡು ವಿಷಯ ಕೇಳಿದೆ. ಅದೇ ನಂಬರಿನ ಸಿಮ್ ಚಾಲೂ ಇದೆಯಾ? ಎರಡು ಹಂತದ ಪಿನ್ ನೆನಪಿದೆಯಾ? ಫೈಲ್ ಗೂಢಲಿಪಿಯಲ್ಲಿ ಇರುವುದರಿಂದ ಬೇರೆ ನಂಬರಿನಲ್ಲಿ ಅದು ತೆರೆಯುವುದಿಲ್ಲ. ಎಂಡ್ ಟು ಎಂಡ್ ಬ್ಯಾಕಪ್ ಹಾಕಿಕೊಂಡವರಿಗೆ ಆ ಫೈಲ್ ಆದಾಗ ಇದ್ದ ಪಾಸ್‌ವರ್ಡ್ ಅಥವಾ 64 ಅಂಕಿಗಳ ಕೀ ಕೂಡ ಬೇಕು. ಅತ್ತಿಗೆ ಅದನ್ನು ಹಾಕಿಕೊಂಡಿರಲಿಲ್ಲ.

ವಾಟ್ಸಾಪ್ ತೆಗೆದು ಪ್ಲೇ ಸ್ಟೋರ್‌ನಿಂದ ಮತ್ತೆ ಹಾಕಿದೆ, ಆದರೆ ತೆರೆಯಲಿಲ್ಲ. ಕಂಪ್ಯೂಟರ್‌ನಿಂದ ಫೈಲನ್ನು ಮೊದಲು ಫೋನ್‌ನ Download ಫೋಲ್ಡರ್‌ಗೆ ಹಾಕಿ, ಅಲ್ಲಿಂದ ಇನ್ನೊಂದು ಪ್ರತಿಯನ್ನು Databases ಫೋಲ್ಡರ್‌ಗೆ ಹಾಕಿದೆ. ಆ ಫೋಲ್ಡರ್ ಇಲ್ಲದಿದ್ದರೆ ಮೇಲಿನ ಹೆಸರಿನಲ್ಲೇ ಮಾಡಿಕೊಳ್ಳಬೇಕು. ಅದರೊಳಗೆ ಈ ಒಂದು ಫೈಲ್ ಬಿಟ್ಟು ಬೇರೇನೂ ಇಡಲಿಲ್ಲ.

ಇಲ್ಲಿ ಒಂದು ತೊಡಕಿದೆ. ವಾಟ್ಸಾಪ್ ಗೂಗಲ್ ಖಾತೆಯಲ್ಲಿರುವ ಬ್ಯಾಕಪ್ ಹುಡುಕಿಕೊಂಡು ಹೋಗಿ ಅದೇ ಖಾಲಿಯನ್ನು ಮುಂದಿಡುತ್ತದೆ. ಅದನ್ನು ತಡೆಯಲು ಫೋನ್ ಸೆಟ್ಟಿಂಗ್ಸ್‌ನಲ್ಲಿ ಅತ್ತಿಗೆಯ ಗೂಗಲ್ ಖಾತೆಯನ್ನು ಸ್ವಲ್ಪ ಹೊತ್ತು ತೆಗೆದೆ. ಪಾಸ್‌ವರ್ಡ್ ಗೊತ್ತಿದೆ ಅಂತ ಖಾತ್ರಿ ಮಾಡಿಕೊಂಡೇ ಹೀಗೆ ಮಾಡಿ. ಆ ಖಾಲಿ ಬ್ಯಾಕಪನ್ನು ಅಳಿಸಿಬಿಡಿ ಅಂತ ಕೆಲವರು ಹೇಳುತ್ತಾರೆ. ಕೆಲಸ ಮುಗಿಯುವ ತನಕ ಯಾವುದನ್ನೂ ಅಳಿಸಬಾರದು ಅನ್ನೋದು ನನ್ನ ಪಟ್ಟು.

ನಂಬರ್ ಹಾಕಿ, ಒಟಿಪಿ ಕೊಟ್ಟ ಮೇಲೆ ಬ್ಯಾಕಪ್ ಸಿಕ್ಕಿದೆ ಎಂಬ ಪರದೆ ಬಂತು. ಇಲ್ಲಿ ದಿನಾಂಕ ನೋಡಿ ಗಲಿಬಿಲಿ ಆಗಬೇಡಿ. ಫೈಲ್ ಕಾಪಿ ಮಾಡಿದ ದಿನವೇ ಕಾಣಿಸಬಹುದು. ನೋಡಬೇಕಾದ್ದು ಗಾತ್ರ. 142 ಎಂಬಿ ಅಂತ ಇತ್ತು, Restore ಒತ್ತಿದೆ. ಚಿಕ್ಕ ಗಾತ್ರ ತೋರಿಸಿದ್ದರೆ ಒತ್ತದೆ ಹಿಂದೆ ಬಂದು, ಖಾತೆ ಮತ್ತು ಫೈಲ್ ಹೆಸರು ಮತ್ತೆ ನೋಡುತ್ತಿದ್ದೆ. Download ಫೋಲ್ಡರ್‌ನಲ್ಲಿ ಪ್ರತಿ ಇದ್ದೇ ಇತ್ತು. ಆದರೆ ಪದೇ ಪದೇ ನೋಂದಣಿ ಮಾಡಿದರೆ ಒಟಿಪಿಗೆ ಗಂಟೆಗಟ್ಟಲೆ ಕಾಯಿಸುತ್ತದೆ, ಅದಕ್ಕೇ ಮೊದಲ ಸಲವೇ ಸಾವಧಾನವಾಗಿ ಮಾಡುವುದು ಒಳ್ಳೆಯದು.

ಚಾಟ್‌ಗಳೆಲ್ಲ ಬಂದವು, ಕೊನೆಯ ಮೆಸೇಜ್ ಗುರುವಾರ ರಾತ್ರಿಯದ್ದು. ಫೋಟೋಗಳು ಮಾತ್ರ ಮಸುಕಾಗಿಯೇ ಉಳಿದವು. ಈ ಫೈಲ್‌ನಲ್ಲಿರುವುದು ಬರಹ ಮತ್ತು ಚಿಕ್ಕ ಚಿತ್ರ ಅಷ್ಟೇ. ಪೂರ್ತಿ ಫೋಟೋಗಳು Media ಫೋಲ್ಡರ್‌ನವು, ಅದನ್ನು ಅಂಗಡಿಯಲ್ಲೇ ಅಳಿಸಿದ್ದರು. ಡಿಸೈನ್ ಫೋಟೋಗಳನ್ನು ಮತ್ತು ಶುಕ್ರವಾರ ಹಗಲಿನ ಆರ್ಡರ್‌ಗಳನ್ನು ಅತ್ತಿಗೆ ಗಿರಾಕಿಗಳಿಗೇ ಕೇಳಿ ಮತ್ತೆ ತರಿಸಿಕೊಂಡರು.

ಮುಖ್ಯವಾದ ಚಾಟ್‌ಗಳನ್ನು ತೆರೆದು ನೋಡಿ, ಸರಿ ಇದೆ ಅನ್ನಿಸಿದ ಮೇಲೆ ಗೂಗಲ್ ಖಾತೆ ಸೇರಿಸಿ, ಬ್ಯಾಕಪ್ ಆನ್ ಮಾಡಿದೆ. ಸಿಂಕ್ ಆ್ಯಪ್‌ನಲ್ಲಿ ಈಗ ಇಡೀ Databases ಫೋಲ್ಡರನ್ನೇ ಏರಿಸುವ ಹಾಗೆ ಇಟ್ಟಿದ್ದೇನೆ. ಅದರಲ್ಲಿ msgstore-2025-03-07.1.db.crypt14 ತರಹ ದಿನಾಂಕ ಇರುವ ಫೈಲ್‌ಗಳೂ ಇರುತ್ತವೆ. ಅವು ಒಂದರ ಮೇಲೊಂದು ಬರೆಯುವುದಿಲ್ಲ, ಗಾತ್ರವೂ ಡ್ರೈವ್ ಪಟ್ಟಿಯಲ್ಲೇ ಕಾಣುತ್ತದೆ. ಜಾಗ ಜಾಸ್ತಿ ತಿನ್ನುತ್ತವೆ, ಆಗಾಗ ಹಳೆಯದನ್ನು ಕೈಯಾರೆ ತೆಗೆಯುತ್ತೇನೆ.