ಆರು ತಿಂಗಳು ಮೂಲೆಯಲ್ಲಿ ನಿಂತಿದ್ದ ಬ್ಯಾಟರಿ

ಮಂಡ್ಯದಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ಬಿಚ್ಚಿ ಜೋಡಿಸುವುದೇ ನನ್ನ ಕಸುಬು. ಕೆರಗೋಡು ಕಡೆಯಿಂದ ಡೇರಿಗೆ ಹಾಲು ಹಾಕುವ ಹಿರಿಯರೊಬ್ಬರು ಒಂದು ದಿನ ಪ್ಯಾಕ್ ಹೊತ್ತುಕೊಂಡು ಬಂದರು. "ಆರು ತಿಂಗ್ಳು ಗಾಡಿ ನಿಂತಿತ್ತು ಕಣಪ್ಪ. ಒಬ್ರು ರಿಪೇರಿ ಮಾಡಿ ಕೊಟ್ರು. ಈಗ ಓಡ್ತದೆ, ಆದ್ರೆ ಚಾರ್ಜಿಗೆ ಹಾಕಿದ್ರೆ ಒಂದು ಮಗ್ಗುಲು ಬೆಚ್ಚಗಾಯ್ತದೆ" ಅಂದರು.

ಆ ಬೆಚ್ಚಗಾಗುವ ಮಗ್ಗುಲೇ ನನ್ನನ್ನು ಹೆದರಿಸಿತು. 48 ವೋಲ್ಟಿನ ಪ್ಯಾಕ್ ಅದು. ಎಂಟೆಂಟು ಸೆಲ್‌ಗಳನ್ನು ಪ್ಯಾರಲಲ್ ಮಾಡಿದ 13 ಗುಂಪುಗಳು, ಒಟ್ಟು 104 ಸೆಲ್. ಪೂರ್ತಿ ಚಾರ್ಜ್ ಮಾಡಿ ಒಂದು ದಿನ ಹಾಗೇ ಬಿಟ್ಟು ಮೀಟರ್ ಹಿಡಿದೆ. ಹನ್ನೆರಡು ಗುಂಪು 4.08 ವೋಲ್ಟಿನ ಆಸುಪಾಸಿನಲ್ಲಿದ್ದವು. ಒಂದು ಮಾತ್ರ 3.91ಕ್ಕೆ ಇಳಿದಿತ್ತು. ಹೊರಗೆ ಯಾವ ಲೋಡೂ ಇಲ್ಲದೆ ಕರೆಂಟ್ ಖಾಲಿಯಾಗುತ್ತಿದೆ ಅಂದರೆ ಅದು ಒಳಗೇ ಸೋರುತ್ತಿದೆ.

ಹಿಂದೆ ರಿಪೇರಿ ಮಾಡಿದವರಿಗೆ ಫೋನ್ ಮಾಡಿದೆ. ಅವರ ಕೈಗೆ ಬಂದಾಗ ಆ ಗುಂಪು ಸೊನ್ನೆಯ ಹತ್ತಿರವಿತ್ತಂತೆ. ಪ್ಯಾಕನ್ನು ಕಾಯುವ ಸರ್ಕ್ಯೂಟ್, ಅಂದರೆ ಬಿಎಂಎಸ್, ಚಾರ್ಜಿಗೆ ಒಪ್ಪದಿದ್ದಕ್ಕೆ ಹೊರಗಿನ ಸಪ್ಲೈ ಕೊಟ್ಟು ಎಬ್ಬಿಸಿದ್ದರು. ರೋಗದ ಬೇರು ಇಲ್ಲೇ ಇತ್ತು. ಸೆಲ್ಲಿನ ಒಳಗೆ ಗ್ರಾಫೈಟ್ ಬಳಿದಿರುವುದು ತೆಳುವಾದ ತಾಮ್ರದ ಹಾಳೆಯ ಮೇಲೆ. ವೋಲ್ಟೇಜ್ ತೀರಾ ಕುಸಿದರೆ ಆ ತಾಮ್ರ ಎಲೆಕ್ಟ್ರೋಲೈಟಿನಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಅದೇ ತಾಮ್ರ ಕಂಡಕಂಡಲ್ಲಿ ಗಟ್ಟಿಯಾಗಿ, ಎರಡು ಪದರಗಳ ನಡುವಿನ ಸೆಪರೇಟರನ್ನು ಚುಚ್ಚಿ ಸಣ್ಣ ಶಾರ್ಟ್ ಮಾಡಬಹುದು. ಎಂಟು ಸೆಲ್ಲಿನಲ್ಲಿ ಯಾವುದು ಕೆಟ್ಟಿದೆ ಎಂದು ಬಿಎಂಎಸ್‌ಗೆ ತಿಳಿಯುವುದೂ ಇಲ್ಲ, ಅದು ನೋಡುವುದು ಗುಂಪಿನ ವೋಲ್ಟೇಜ್ ಮಾತ್ರ.

ಆ ಶಾರ್ಟ್ ದೊಡ್ಡದಾದರೆ ಮುಂದಿನದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಸುಮಾರು 100 ಡಿಗ್ರಿಯಲ್ಲಿ ಗ್ರಾಫೈಟಿನ ಮೇಲಿನ ರಕ್ಷಣಾ ಪೊರೆ ಒಡೆದು ತಾನೇ ಶಾಖ ಕೊಡತೊಡಗುತ್ತದೆ. 130ರ ಸುಮಾರಿಗೆ ಪಾಲಿಥಿಲೀನ್ ಸೆಪರೇಟರ್ ಕರಗುತ್ತದೆ. 200 ದಾಟಿದರೆ ಕ್ಯಾಥೋಡ್, ಅಂದರೆ ನಿಕಲ್ ಇರುವ ಪಾಸಿಟಿವ್ ಪದರ, ಆಮ್ಲಜನಕ ಬಿಡುತ್ತದೆ. ಅಲ್ಲಿಗೆ ಚಾರ್ಜರ್ ಕಿತ್ತರೂ ಪ್ರಯೋಜನವಿಲ್ಲ.

ಒಂದು ಸೆಲ್ಲಿನಲ್ಲಿ ಇರುವುದು 9 ವಾಟ್-ಅವರ್, ಅಂದರೆ ಸುಮಾರು 32,000 ಜೌಲ್. 45 ಗ್ರಾಂ ತೂಗುವ ಆ ಸೆಲ್ಲನ್ನು ಒಂದು ಡಿಗ್ರಿ ಬಿಸಿ ಮಾಡಲು ಹೆಚ್ಚುಕಡಿಮೆ 45 ಜೌಲ್ ಸಾಕು. ಅಷ್ಟೂ ಶಕ್ತಿ ಅದರೊಳಗೇ ಬಿಡುಗಡೆಯಾದರೆ 700 ಡಿಗ್ರಿ ಏರುವ ಲೆಕ್ಕ. ರಾಸಾಯನಿಕ ಕ್ರಿಯೆಯ ಶಾಖ ಬೇರೆ. ಈ ಹಳೆಯ ಪ್ಯಾಕಿನಲ್ಲಿ ಸೆಲ್‌ಗಳನ್ನು ಮೈಗೆ ಮೈ ತಾಗಿಸಿ ಗಮ್ ಹಾಕಿ ಅಂಟಿಸಿದ್ದರು. ಒಂದು ಹೊತ್ತಿಕೊಂಡಿದ್ದರೆ ಸುತ್ತಲಿನವು ಉಳಿಯುತ್ತಿರಲಿಲ್ಲ.

ಆ ಎಂಟನ್ನೂ ಬಿಡಿಸಿ ಮರಳು ತುಂಬಿದ ಬಾನಿಯಲ್ಲಿ ಒಂದು ವಾರ ಇಟ್ಟು ನೋಡಿದೆ. ಎರಡರ ವೋಲ್ಟೇಜ್ ತಾನಾಗಿಯೇ ಕುಸಿದಿತ್ತು. ಉಳಿದ ಆರೂ ಹಿಂದೆ ಸೊನ್ನೆಯ ಹತ್ತಿರಕ್ಕೆ ಇಳಿದಿದ್ದವೇ, ಹಾಗಾಗಿ ಅವನ್ನು ನಂಬಲು ಮನಸ್ಸು ಬರಲಿಲ್ಲ. ಪ್ಯಾಕನ್ನೇ ಹೊಸ ಸೆಲ್‌ಗಳಿಂದ ಕಟ್ಟಿಕೊಡುತ್ತೇನೆ, ಖರ್ಚಾಗುತ್ತದೆ ಎಂದೆ. ಅವರು ಒಂದು ದಿನ ಯೋಚಿಸಿ ಒಪ್ಪಿದರು.

ಹೊಸದರಲ್ಲಿ ಸೆಲ್‌ಗಳನ್ನು ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಕೂರಿಸಿದೆ. ಸೆಲ್ಲಿನಿಂದ ಸೆಲ್ಲಿಗೆ ಸುಮಾರು 2 ಮಿಲಿಮೀಟರ್ ಸಂದು ಸಿಗುತ್ತದೆ. ಗುಂಪುಗಳ ನಡುವೆ ಮೈಕಾ ಹಾಳೆ ಇಟ್ಟೆ. ಪ್ರತಿ ಸೆಲ್ಲಿನ ಪಾಸಿಟಿವ್ ತುದಿಗೆ ದಪ್ಪ ನಿಕಲ್ ಪಟ್ಟಿಯ ಬದಲು 0.2 ಮಿಲಿಮೀಟರ್ ತಾಮ್ರದ ತಂತಿ ಹಾಕಿದೆ. ಮೋಟರಿನ ಕಂಟ್ರೋಲರ್ 30 ಆಂಪಿಯರ್ ಎಳೆದರೂ ಒಂದು ಸೆಲ್ಲಿನ ಪಾಲು ನಾಲ್ಕು ಆಂಪಿಯರ್ ಒಳಗೇ, ತಂತಿಗೆ ಏನೂ ಆಗದು. ಒಂದು ಸೆಲ್ ಶಾರ್ಟ್ ಆದರೆ ಉಳಿದ ಏಳೂ ಅದರೊಳಕ್ಕೆ ಕರೆಂಟ್ ನುಗ್ಗಿಸುತ್ತವೆ. ಏಳರದ್ದೂ ಸೇರಿ ಹರಿಯುವುದು ಕೆಟ್ಟ ಸೆಲ್ಲಿನ ಒಂದೇ ತಂತಿಯಲ್ಲಿ. ಹಾಗಾಗಿ ಅದೇ ಮೊದಲು ಸುಡುತ್ತದೆ. ಜೋಡಿಸುವ ಮುಂಚೆ ಮೇಜಿನ ಮೇಲೆ 15 ಆಂಪಿಯರ್ ಹರಿಸಿ ನೋಡಿದೆ, ತಂತಿ ಕೆಂಪಾಗಿ ಕಡಿದುಹೋಯಿತು. ಎಷ್ಟು ಉದ್ದ, ಹೇಗೆ ಬೆಸುಗೆ ಎಂಬುದರ ಮೇಲೆ ಕಡಿಯುವ ಆಂಪಿಯರ್ ಬದಲಾಗುತ್ತದೆ. ಲೆಕ್ಕವನ್ನಷ್ಟೇ ನಂಬದೆ ಪ್ರತಿ ಸಲ ಹೀಗೆ ಸುಟ್ಟು ನೋಡುತ್ತೇನೆ.

ತಂತಿ ತಡೆಯುವುದು ನೆರೆಯ ಸೆಲ್‌ಗಳ ಕರೆಂಟನ್ನು ಮಾತ್ರ. ಕೆಟ್ಟ ಸೆಲ್ಲಿನದೇ 32,000 ಜೌಲ್ ಒಳಗೇ ಉಳಿದಿರುತ್ತದೆ. ಅದು ಪಕ್ಕಕ್ಕೆ ದಾಟುವುದನ್ನು ನಿಧಾನಿಸಲಿಕ್ಕೇ ಸಂದು, ಮೈಕಾ. ಸೆಲ್ಲಿನ ಪಾಸಿಟಿವ್ ತಲೆಯ ಕಡೆಯಿಂದ ಚಿಮ್ಮುವ ಬಿಸಿ ಗ್ಯಾಸಿಗೂ ದಾರಿ ಬೇಕು. ಆ ಕಡೆ ಖಾಲಿ ಜಾಗ ಬಿಟ್ಟು, ಪೆಟ್ಟಿಗೆಯಲ್ಲಿ ತೂತು ಕೊರೆದು, ಒತ್ತಡಕ್ಕೆ ಕಳಚಿಕೊಳ್ಳುವ ರಬ್ಬರ್ ಮುಚ್ಚಳ ಹಾಕಿದೆ. ಆ ತೂತು ಸವಾರನ ಕಾಲಿನ ಕಡೆ ತಿರುಗಬಾರದು. ಇಷ್ಟೆಲ್ಲ ಮಾಡಿದರೂ ನಾನು ಕೊಡಬಲ್ಲದ್ದು ಗಾಡಿ ಬಿಟ್ಟು ದೂರ ಓಡುವಷ್ಟು ಸಮಯ, ಅಷ್ಟೇ. ಇನ್ನೂ ನಿಧಾನವಾಗಬೇಕೆಂದರೆ ಕಬ್ಬಿಣ-ಫಾಸ್ಫೇಟ್ ಸೆಲ್ ಹಾಕಬೇಕು, ಅದರ ಕ್ಯಾಥೋಡ್ ಅಷ್ಟು ಸುಲಭಕ್ಕೆ ಆಮ್ಲಜನಕ ಬಿಡುವುದಿಲ್ಲ. ಅಷ್ಟೇ ಕಿಲೋಮೀಟರಿಗೆ ಪೆಟ್ಟಿಗೆ ದೊಡ್ಡದಾಗುತ್ತದೆ. ಈ ಗಾಡಿಯ ಸೀಟಿನಡಿ ಹಿಡಿಸಲಿಲ್ಲ.

ಒಯ್ಯುವಾಗ ಹಿರಿಯರಿಗೆ ಎರಡೇ ಮಾತು ಹೇಳಿದೆ: ಗಾಡಿ ನಿಲ್ಲಿಸುವುದಾದರೆ ಅರ್ಧ ಚಾರ್ಜಿನಲ್ಲಿಟ್ಟು ತಿಂಗಳಿಗೊಮ್ಮೆ ನೋಡಿ, ಚಾರ್ಜ್ ಹಾಕುವುದನ್ನು ಮಲಗುವ ಕೋಣೆಯ ಬಾಗಿಲಲ್ಲಿ ಬೇಡ. "ಕೊಟ್ಟಿಗೇಲಿ ಹಾಕ್ಲಾ?" ಅಂದರು. ಹುಲ್ಲು, ದನ ಇರುವ ಕಡೆಯೂ ಬೇಡ, ಹೊರಗೆ ಜಗುಲಿಯ ಸಿಮೆಂಟಿನ ಮೇಲೆ ಹಾಕಿ ಎಂದೆ.