ರಿನ್ಯೂವಲ್ ನೋಟಿಸು ಬಂತಾ? ಹಳೇ ಪಾಲಿಸಿ ಪಕ್ಕದಲ್ಲಿಟ್ಟು ಓದಿ

2025ರ ಮೇ ತಿಂಗಳಲ್ಲಿ ನಮ್ಮ ಭಾವ ಫೋನ್ ಮಾಡಿದ್ದರು. ಅವರ ಕಾರಿನ ಇನ್ಶೂರೆನ್ಸ್ ರಿನ್ಯೂವಲ್ ನೋಟಿಸು ಬಂದಿತ್ತು. ‘ಹೋದ ವರ್ಷಕ್ಕಿಂತ ತುಂಬಾ ಜಾಸ್ತಿ ಬಂದಿದೆ. ಎಲ್ಲ ದುಬಾರಿ ಆಗಿದೆಯಲ್ವಾ, ಕಟ್ಟಿಬಿಡ್ತೀನಿ’ ಅಂದರು. ‘ಭಾವ, ಒಂದು ದಿನ ತಡೀರಿ, ಹಳೇ ಪಾಲಿಸಿ ಜೊತೆ ನೋಟಿಸನ್ನೂ ಕಳಿಸಿ’ ಅಂದೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಮೂರು ಕಡೆ ವ್ಯತ್ಯಾಸ ಕಂಡಿತು. ಕೊನೆಗೆ ಅವರು ಕಟ್ಟಿದ್ದು ನೋಟಿಸಿನಲ್ಲಿ ಇದ್ದದ್ದಕ್ಕಿಂತ ಕಡಿಮೆ, ಸಿಕ್ಕ ರಕ್ಷಣೆ ಅದಕ್ಕಿಂತ ಜಾಸ್ತಿ. ಅವತ್ತು ನೋಡಿದ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಕಾರಿನ ವಿವರ. ಸುಮಾರು 1,200 ಸಿಸಿ ಪೆಟ್ರೋಲ್ ಕಾರು. 2022ರ ಜೂನ್‌ನಲ್ಲಿ ಕೊಂಡದ್ದು. ಕಂಪನಿಯ ಪಟ್ಟಿ ಬೆಲೆ 8 ಲಕ್ಷ ರೂಪಾಯಿ. ಮೂರು ವರ್ಷದಲ್ಲಿ ಇನ್ಶೂರೆನ್ಸ್‌ನಿಂದ ಒಂದು ರೂಪಾಯಿಯನ್ನೂ ಪಡೆದಿರಲಿಲ್ಲ.

ಮೊದಲ ಹೆಜ್ಜೆ: ಒಟ್ಟು ಮೊತ್ತ ಬಿಡಿ, ಒಳಗಿನ ಸಾಲು ನೋಡಿ

ನೋಟಿಸಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಒಟ್ಟು ಮೊತ್ತ. ಅದನ್ನು ಹೋದ ವರ್ಷದ ಮೊತ್ತಕ್ಕೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಪ್ರೀಮಿಯಂ ಒಳಗೆ ಎರಡು ಬೇರೆ ಬೇರೆ ಭಾಗಗಳಿವೆ. ಒಂದು ಥರ್ಡ್ ಪಾರ್ಟಿ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಇದು. ಇದರ ದರವನ್ನು ಸರ್ಕಾರ ನಿಗದಿ ಮಾಡುತ್ತದೆ, ಎಲ್ಲ ಕಂಪನಿಯಲ್ಲೂ ಒಂದೇ. ಇನ್ನೊಂದು ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಗೇ ಆಗುವ ಹಾನಿಗೆ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ ಅಥವಾ ಎನ್‌ಸಿಬಿ; ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ, ಅಂದರೆ ಐಡಿವಿ; ಹೆಚ್ಚಿನ ರಕ್ಷಣೆಗೆ ಸೇರಿಸಿಕೊಳ್ಳುವ ಆ್ಯಡ್-ಆನ್ ಎಲ್ಲವೂ ಈ ಎರಡನೇ ಭಾಗಕ್ಕೆ ಸೇರಿದವು.

2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಕೊಳ್ಳುವಾಗಲೇ ಒಟ್ಟಿಗೆ ಕಟ್ಟಬೇಕು. ಹಾಗಾಗಿ ಭಾವ ನಡುವಿನ ಎರಡು ವರ್ಷ ಕಟ್ಟಿದ್ದು ಓನ್ ಡ್ಯಾಮೇಜ್ ಮಾತ್ರ. ಈಗ ಮೂರು ವರ್ಷ ಮುಗಿದು ಥರ್ಡ್ ಪಾರ್ಟಿ ಮತ್ತೆ ಸೇರಿಕೊಂಡಿದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದ ಪ್ರಕಾರ ಈ ಗಾತ್ರದ ಕಾರಿಗೆ ಅದು 3,416 ರೂಪಾಯಿ, ಮೇಲೆ ಜಿಎಸ್‌ಟಿ. ಇದು ನ್ಯಾಯವಾದ ಏರಿಕೆ, ಜಗಳ ಮಾಡುವಂಥದ್ದಲ್ಲ. ಆದರೆ ಈ ಒಂದು ಏರಿಕೆಯ ಮರೆಯಲ್ಲಿ ಬೇರೆ ತಪ್ಪುಗಳು ಕಾಣದೇ ಹೋಗುತ್ತವೆ. ಭಾವನಿಗೆ ಆಗಿದ್ದೂ ಅದೇ.

ಹಳೇ ಪಾಲಿಸಿಯಲ್ಲಿ ‘ಶೆಡ್ಯೂಲ್’ ಎಂಬ ಪುಟವಿರುತ್ತದೆ. ಪ್ರೀಮಿಯಂ ಹೇಗೆ ಬಂತು ಎಂಬ ಲೆಕ್ಕ ಅಲ್ಲಿದೆ. ನೋಟಿಸಿನಲ್ಲಿ ಅಂಥ ಲೆಕ್ಕ ಇಲ್ಲದಿದ್ದರೆ ಕಂಪನಿಯಿಂದಲೋ ಏಜೆಂಟರಿಂದಲೋ ಕೇಳಿ ಪಡೆಯಿರಿ. ಅದು ಕೈಗೆ ಬಾರದೆ ಮುಂದಿನ ಹೆಜ್ಜೆ ಇಡುವುದು ಬೇಡ.

ಎರಡನೇ ಹೆಜ್ಜೆ: ಎನ್‌ಸಿಬಿ ಒಂದು ಮೆಟ್ಟಿಲು ಹತ್ತಿದೆಯಾ?

ನೋ ಕ್ಲೇಮ್ ಬೋನಸ್‌ಗೆ ಐದು ಮೆಟ್ಟಿಲು. ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಶೇ 20, ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಂದ ಮೇಲೆ ಇಲ್ಲ. ಹಳೇ ಪಾಲಿಸಿಯಲ್ಲಿ 25 ಇದ್ದು, ಆ ವರ್ಷ ಕ್ಲೇಮ್ ಆಗಿಲ್ಲ ಅಂದರೆ ನೋಟಿಸಿನಲ್ಲಿ 35 ಇರಬೇಕು. ಮತ್ತೆ 25 ಇದ್ದರೂ ತಪ್ಪೇ.

ಭಾವನ ನೋಟಿಸಿನಲ್ಲಿ ಇದ್ದದ್ದು ಸೊನ್ನೆ.

ವಿಚಾರಿಸಿದಾಗ ವಿಷಯ ಗೊತ್ತಾಯಿತು. ಡಿಸೆಂಬರ್‌ನಲ್ಲಿ ಗೇಟಿಗೆ ಬಂಪರ್ ತಾಗಿತ್ತು. ಗ್ಯಾರೇಜಿನವರು ಕ್ಲೇಮ್ ದಾಖಲಿಸಿದ್ದರು. ಖರ್ಚು ಸಣ್ಣದು ಎಂದು ಭಾವ ಕೈಯಿಂದಲೇ ದುಡ್ಡು ಕೊಟ್ಟು ಬಂದಿದ್ದರು. ಆದರೆ ಕ್ಲೇಮ್ ಸಂಖ್ಯೆ ಕಂಪನಿಯ ದಾಖಲೆಯಲ್ಲಿ ಹಾಗೇ ತೆರೆದುಕೊಂಡಿತ್ತು. ಕ್ಲೇಮ್ ತೆರೆದಿದ್ದರೆ ಬೋನಸ್ ಇಲ್ಲ. ಇದು ಬಹಳ ಜನರಿಗೆ ಆಗುತ್ತದೆ, ನೆನಪೂ ಇರುವುದಿಲ್ಲ.

ಸರಿಪಡಿಸುವ ದಾರಿ ಸುಲಭ. ಆ ಕ್ಲೇಮ್ ಸಂಖ್ಯೆ ಬರೆದು, ‘ಇದನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ, ಯಾವುದೇ ಹಣ ಪಡೆದಿಲ್ಲ, ಹಣ ಪಾವತಿಯಾಗದ ಕ್ಲೇಮ್ ಎಂದು ಮುಚ್ಚಿ ಪರಿಷ್ಕೃತ ನೋಟಿಸು ಕಳಿಸಿ’ ಎಂದು ಇ-ಮೇಲ್ ಮಾಡಬೇಕು. ಗ್ಯಾರೇಜಿಗೆ ಕೈಯಿಂದ ಕೊಟ್ಟ ಬಿಲ್ ಇದ್ದರೆ ಜೊತೆಗೆ ಹಾಕಿ. ಫೋನಿನಲ್ಲಿ ಹೇಳಿದ್ದು ಸಾಲದು, ಬರವಣಿಗೆಯಲ್ಲೇ ಇರಲಿ.

ಇದಕ್ಕೆ ಉಲ್ಟಾ ತಪ್ಪು ಇನ್ನೂ ಅಪಾಯ. ನೀವು ನಿಜವಾಗಿ ಕ್ಲೇಮ್ ಹಣ ಪಡೆದಿದ್ದೀರಿ, ಆದರೂ ಹೊಸ ಲೆಕ್ಕದಲ್ಲಿ ಬೋನಸ್ ಬಂದಿದೆ ಅಂತಿಟ್ಟುಕೊಳ್ಳಿ. ಕಂಪನಿ ಬದಲಿಸುವಾಗ ಆನ್‌ಲೈನ್‌ನಲ್ಲಿ ‘ಕ್ಲೇಮ್ ಆಗಿಲ್ಲ’ ಎಂದು ಒತ್ತಿದರೆ ಹೀಗಾಗುತ್ತದೆ. ಲಾಭ ಆಯಿತು ಎಂದು ಸುಮ್ಮನಿರಬೇಡಿ. ಹೊಸ ಕಂಪನಿ ಹಳೇ ಕಂಪನಿಯ ಹತ್ತಿರ ಖಚಿತ ಮಾಡಿಕೊಳ್ಳುತ್ತದೆ. ಸುಳ್ಳು ಎಂದು ತಿಳಿದರೆ ನಿಮ್ಮ ಗಾಡಿಯ ಹಾನಿಯ ಕ್ಲೇಮನ್ನೇ ತಿರಸ್ಕರಿಸಲು ಅದು ಕಾರಣವಾಗುತ್ತದೆ. ಕೂಡಲೇ ತಿಳಿಸಿ, ವ್ಯತ್ಯಾಸದ ಹಣ ಕಟ್ಟಿಬಿಡಿ.

ಮೂರನೇ ಹೆಜ್ಜೆ: ಐಡಿವಿ ಎಷ್ಟು ಇಳಿದಿದೆ, ಎಷ್ಟು ಇಳಿಯಬೇಕಿತ್ತು?

ಗಾಡಿ ಕಳವಾದರೆ ಅಥವಾ ರಿಪೇರಿಯಾಗದಷ್ಟು ಹಾಳಾದರೆ ಸಿಗುವ ಹಣಕ್ಕೆ ಆಧಾರ ಐಡಿವಿ. ಇದು ಪ್ರತಿ ವರ್ಷ ಇಳಿಯುವುದು ಸಹಜ. ಎಷ್ಟು ಇಳಿಯಬೇಕು ಎಂಬುದಕ್ಕೆ ಒಂದು ಪಟ್ಟಿ ಇದೆ. ಗಾಡಿಗೆ 1ರಿಂದ 2 ವರ್ಷವಾಗಿದ್ದರೆ ಪಟ್ಟಿ ಬೆಲೆಯಲ್ಲಿ ಶೇ 20 ಕಳೆಯುತ್ತಾರೆ. 2ರಿಂದ 3 ವರ್ಷಕ್ಕೆ 30, 3ರಿಂದ 4ಕ್ಕೆ 40, 4ರಿಂದ 5ಕ್ಕೆ 50. ಐದು ವರ್ಷ ದಾಟಿದರೆ ಪಟ್ಟಿ ಇಲ್ಲ, ಕಂಪನಿ ಮತ್ತು ನೀವು ಒಪ್ಪಿದ ಬೆಲೆ. ಇಲ್ಲಿ ಜನ ತಪ್ಪುವುದು ಎಲ್ಲಿ ಗೊತ್ತಾ? ಶೇಕಡಾವಾರು ಕಳೆಯಬೇಕಾದದ್ದು ಕಂಪನಿಯ ಪಟ್ಟಿ ಬೆಲೆಯಿಂದ, ಹೋದ ವರ್ಷದ ಐಡಿವಿಯಿಂದ ಅಲ್ಲ. ರಸ್ತೆ ತೆರಿಗೆ, ನೋಂದಣಿ ಖರ್ಚು ಇದರಲ್ಲಿ ಸೇರುವುದಿಲ್ಲ.

ಭಾವನ ಹಳೇ ಪಾಲಿಸಿಯಲ್ಲಿ ಐಡಿವಿ 5,60,000 ಇತ್ತು. 8 ಲಕ್ಷದಲ್ಲಿ ಶೇ 30 ಹೋದರೆ ಅಷ್ಟೇ, ಸರಿ. ಈ ವರ್ಷ ಶೇ 40 ಕಳೆದು 4,80,000 ಇರಬೇಕಿತ್ತು. ನೋಟಿಸಿನಲ್ಲಿ 4,20,000 ಇತ್ತು. 60,000 ರೂಪಾಯಿ ಹೆಚ್ಚಿಗೆ ಇಳಿಸಿದ್ದರು.

ಐಡಿವಿ ಇಳಿಸಿದರೆ ಪ್ರೀಮಿಯಂ ಸ್ವಲ್ಪ ಕಡಿಮೆ ಕಾಣುತ್ತದೆ. ಎಷ್ಟು ಕಡಿಮೆ? ಈ ನೋಟಿಸಿನಲ್ಲಿ ಓನ್ ಡ್ಯಾಮೇಜ್ ದರ ಐಡಿವಿಯ ಶೇ 2 ಇತ್ತು. 60,000ಕ್ಕೆ 1,200 ರೂಪಾಯಿ. ಶೇ 35 ಬೋನಸ್ ಕಳೆದರೆ 780. ಜಿಎಸ್‌ಟಿ ಸೇರಿ ಸುಮಾರು 920. ಅಂದರೆ 920 ರೂಪಾಯಿ ಉಳಿಸಲು ಹೋಗಿ, ಕಾರು ಕಳವಾದ ದಿನ 60,000 ಕಳೆದುಕೊಳ್ಳಬೇಕು. ಕಾರಿನ ಮೇಲೆ ಸಾಲ ಬಾಕಿ ಇದ್ದರಂತೂ ಇದನ್ನು ಒಪ್ಪಲೇಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಪರಿಣಾಮ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಗಾಡಿಯನ್ನು ಪೂರ್ತಿ ನಷ್ಟ ಎಂದು ಲೆಕ್ಕ ಹಾಕುತ್ತಾರೆ. 4,80,000ಕ್ಕೆ ಆ ಗೆರೆ 3,60,000. 4,20,000ಕ್ಕೆ 3,15,000. ದೊಡ್ಡ ಅಪಘಾತವಾಗಿ 3,30,000 ರಿಪೇರಿ ಬಂತು ಅನ್ನಿ. ಸರಿಯಾದ ಐಡಿವಿ ಇದ್ದರೆ ಕಾರು ರಿಪೇರಿಯಾಗಿ ಮನೆಗೆ ಬರುತ್ತದೆ. ಇಳಿಸಿದ ಐಡಿವಿ ಇದ್ದರೆ ಕಾರೂ ಹೋಯಿತು, ಬಂದ ದುಡ್ಡಿಗೆ ಅಂಥದೇ ಕಾರೂ ಸಿಗಲಿಲ್ಲ.

ಹಾಗಂತ ಐಡಿವಿ ಏರಿಸುತ್ತಾ ಹೋಗುವುದರಲ್ಲೂ ಅರ್ಥವಿಲ್ಲ. ಸಣ್ಣಪುಟ್ಟ ರಿಪೇರಿಗೆ ಅದರಿಂದ ಏನೂ ಜಾಸ್ತಿ ಸಿಗುವುದಿಲ್ಲ, ಪ್ರೀಮಿಯಂ ಮಾತ್ರ ಏರುತ್ತದೆ. ಹೊರಗಡೆ ಹಾಕಿಸಿದ ಸಿಎನ್‌ಜಿ ಕಿಟ್ ಅಥವಾ ಮ್ಯೂಸಿಕ್ ಸಿಸ್ಟಮ್ ಇದ್ದರೆ ಅದರ ಬೆಲೆ ಬೇರೆ ಸಾಲಿನಲ್ಲಿ ಬರುತ್ತದೆ. ಆ ಸಾಲು ನೋಟಿಸಿನಲ್ಲೂ ಉಳಿದಿದೆಯಾ ನೋಡಿ.

ನಾಲ್ಕನೇ ಹೆಜ್ಜೆ: ಆ್ಯಡ್-ಆನ್‌ಗಳ ಹೆಸರು ಎಣಿಸಬೇಡಿ, ಓದಿ

ಹಳೇ ಪಾಲಿಸಿಯಲ್ಲಿ ಮೂರು ಆ್ಯಡ್-ಆನ್ ಇದ್ದವು: ಝೀರೋ ಡೆಪ್, ಎಂಜಿನ್ ಪ್ರೊಟೆಕ್ಟ್, ರಿಪೇರಿಯಲ್ಲಿ ಬಳಸುವ ಆಯಿಲ್, ನಟ್-ಬೋಲ್ಟ್‌ಗಳ ಖರ್ಚು ಕೊಡುವ ಕನ್ಸ್ಯೂಮಬಲ್ಸ್. ನೋಟಿಸಿನಲ್ಲೂ ಮೂರೇ: ಝೀರೋ ಡೆಪ್, ರಸ್ತೆ ಬದಿ ನೆರವು, ಕೀ ಬದಲಾವಣೆ. ಎಣಿಸಿದರೆ ಎಲ್ಲ ಸರಿ. ಓದಿದರೆ ಎಂಜಿನ್ ಪ್ರೊಟೆಕ್ಟ್, ಕನ್ಸ್ಯೂಮಬಲ್ಸ್ ಎರಡೂ ಮಾಯ.

ಝೀರೋ ಡೆಪ್ ಉಳಿದದ್ದು ಒಳ್ಳೆಯದು. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ನಮ್ಮ ಕೈಯಿಂದ. 12,000 ರೂಪಾಯಿಯ ಬಂಪರ್ ಆದರೆ 6,000 ನಾವೇ ಕೊಡಬೇಕು, ಜೊತೆಗೆ 1,500 ಸಿಸಿ ವರೆಗಿನ ಕಾರಿಗೆ ಕಡ್ಡಾಯವಾಗಿ ನಮ್ಮ ಪಾಲಿನ 1,000. ಝೀರೋ ಡೆಪ್ ಇದ್ದರೆ ಆ 1,000 ಮಾತ್ರ. ಆದರೆ ವರ್ಷಕ್ಕೆ ಎಷ್ಟು ಸಲ ಬಳಸಬಹುದು ಎಂಬ ಮಿತಿ ಇರಬಹುದು. ಹೋದ ವರ್ಷ ಮಿತಿ ಇಲ್ಲದೆ ಈ ವರ್ಷ ಎರಡೇ ಸಲ ಎಂದಾಗಿದ್ದರೆ ಅದೂ ಕಡಿತವೇ.

ಎಂಜಿನ್ ಪ್ರೊಟೆಕ್ಟ್ ವಿಷಯಕ್ಕೆ ನಾನು ಹಟ ಹಿಡಿದೆ. ಮಳೆ ನೀರು ನಿಂತ ಅಂಡರ್‌ಪಾಸಿನಲ್ಲಿ ಗಾಡಿ ನಿಲ್ಲುತ್ತದೆ. ಗಾಬರಿಯಲ್ಲಿ ಮತ್ತೆ ಸ್ಟಾರ್ಟ್ ಮಾಡುತ್ತೇವೆ. ಸಿಲಿಂಡರ್ ಒಳಗೆ ನೀರು ಎಳೆದುಕೊಂಡು ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಿಂದ ಸೀಟು, ವೈರಿಂಗ್ ಹಾಳಾದರೆ ಸಾಮಾನ್ಯ ಪಾಲಿಸಿ ಕೊಡುತ್ತದೆ. ಎಂಜಿನ್ ಕೆಟ್ಟದ್ದು ಸ್ಟಾರ್ಟ್ ಮಾಡಿದ್ದರಿಂದ, ಅದು ಆಮೇಲಿನ ನಷ್ಟ ಎಂದು ಸರ್ವೇಯರ್ ಬರೆದರೆ ಎಂಜಿನ್ ಖರ್ಚು ನಮ್ಮ ತಲೆಗೇ. ಜೂನ್‌ನಲ್ಲಿ ಪಾಲಿಸಿ ಶುರುವಾಗುವ ಕಾರಿಗೆ ಇದು ಬೇಡ ಅನ್ನುವುದು ಹೇಗೆ?

ಆ್ಯಡ್-ಆನ್ ಸಾಲುಗಳ ಹತ್ತಿರವೇ ‘ವಾಲಂಟರಿ ಡಿಡಕ್ಟಿಬಲ್’ ಎಂಬ ಸಾಲು ಇದ್ದರೆ ಅದನ್ನೂ ನೋಡಿ. ಹಳೇ ಪಾಲಿಸಿಯಲ್ಲಿ ಸೊನ್ನೆ ಇದ್ದು ಈಗ 2,500 ಅಥವಾ 5,000 ಇದ್ದರೆ, ಪ್ರತಿ ಕ್ಲೇಮಿನಲ್ಲೂ ಅಷ್ಟು ಹಣ ಹೆಚ್ಚಿಗೆ ನೀವು ಭರಿಸುತ್ತೀರಿ ಎಂದರ್ಥ.

ಐದನೇ ಹೆಜ್ಜೆ: ಪರಿಷ್ಕೃತ ಲೆಕ್ಕ ಕೇಳಿ

ಮೊದಲ ನೋಟಿಸಿನ ಲೆಕ್ಕ ಹೀಗಿತ್ತು. ಓನ್ ಡ್ಯಾಮೇಜ್ 8,400, ಬೋನಸ್ ಇಲ್ಲ. ಥರ್ಡ್ ಪಾರ್ಟಿ 3,416. ಆ್ಯಡ್-ಆನ್ 3,000. ಶೇ 18 ಜಿಎಸ್‌ಟಿ ಸೇರಿ 17,483. ಭಾವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯನ್ನು ಬೇರೆಯಾಗಿ ಮಾಡಿಸಿದ್ದರಿಂದ ಆ ಸಾಲು ಇರಲಿಲ್ಲ.

ತಿದ್ದಿದ ಮೇಲೆ ಓನ್ ಡ್ಯಾಮೇಜ್ 9,600 ಆಯಿತು. ಅದರಲ್ಲಿ ಶೇ 35 ಬೋನಸ್ 3,360 ಕಳೆದು 6,240. ಥರ್ಡ್ ಪಾರ್ಟಿ ಅದೇ 3,416. ಹಳೇ ಮೂರೂ ಆ್ಯಡ್-ಆನ್ ಸೇರಿ 3,700. ಜಿಎಸ್‌ಟಿ ಸೇರಿ 15,760. ಒಟ್ಟು 1,723 ಉಳಿಯಿತು, ಐಡಿವಿ 60,000 ಏರಿತು, ಎಂಜಿನ್ ಪ್ರೊಟೆಕ್ಟ್ ವಾಪಸ್ ಬಂತು.

ಈ ಓಡಾಟಕ್ಕೆಲ್ಲ ಸಮಯ ಬೇಕು. ಪಾಲಿಸಿ ಮುಗಿಯಲು ಮೂರ್ನಾಲ್ಕು ವಾರ ಇರುವಾಗಲೇ ಶುರು ಮಾಡಿ. ತಿದ್ದುಪಡಿ ಬರಲಿ ಎಂದು ಕಾಯುತ್ತಾ ಕೊನೆಯ ದಿನಾಂಕ ದಾಟಬೇಡಿ. ದಾಟಿದ ಕ್ಷಣದಿಂದ ಗಾಡಿಗೆ ರಕ್ಷಣೆ ಇಲ್ಲ, ರಿನ್ಯೂವಲ್‌ಗೆ ಮುಂಚೆ ಗಾಡಿ ತಪಾಸಣೆಯನ್ನೂ ಕೇಳಬಹುದು. 90 ದಿನ ದಾಟಿದರೆ ಕೂಡಿಟ್ಟ ಬೋನಸ್ ಪೂರ್ತಿ ಹೋಗುತ್ತದೆ.

ಹಣ ಕಟ್ಟಿದ ಮೇಲೆ ಹೊಸ ಪಾಲಿಸಿ ಮೇಲ್‌ಗೆ ಬರುತ್ತದೆ. ಅದರ ಶೆಡ್ಯೂಲನ್ನು ಪರಿಷ್ಕೃತ ನೋಟಿಸಿನ ಜೊತೆ ಮತ್ತೊಮ್ಮೆ ನೋಡಿ. ಭಾವನ ಹೊಸ ಶೆಡ್ಯೂಲಿನಲ್ಲಿ ಎನ್‌ಸಿಬಿ 35, ಐಡಿವಿ 4,80,000, ಆ್ಯಡ್-ಆನ್ ಮೂರೂ ಸರಿ ಇದ್ದವು. ಎಂಜಿನ್ ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತು. ಅದೇ ದಿನ ಆರ್‌ಸಿ ಪ್ರತಿ ಕಳಿಸಿ ತಿದ್ದಿಸಿದೆವು.