ಪ್ರಶಸ್ತಿ ಪ್ರದಾನದ ನಿರೂಪಣೆ: ನಾನು ಸ್ಕ್ರಿಪ್ಟ್ ಬರೆಯುವ ಬಗೆ

ಜಾನಪದ ಕಲಾವಿದರಿಗೆ ಪ್ರಶಸ್ತಿ ಕೊಡುವ ಸಮಾರಂಭವೊಂದಕ್ಕೆ ಹೋದ ವರ್ಷ ನಿರೂಪಣೆ ಮಾಡಿದೆ. ಪುರಸ್ಕೃತರು ನಾಲ್ವರು: ಕರಾವಳಿಯ ಮದ್ದಳೆಗಾರರು, ಶಿವಮೊಗ್ಗ ಕಡೆಯ ಡೊಳ್ಳು ಕಲಾವಿದರು, ಮಂಡ್ಯ ಸೀಮೆಯ ಸೋಬಾನೆ ಪದಗಾರ್ತಿ, ಕಲಬುರಗಿ ಕಡೆಯ ತತ್ವಪದ ಹಾಡುಗಾರರು. ನಾಲ್ಕು ಸೀಮೆಯ ನಾಲ್ಕು ಹೆಸರು. ಹಾಗಾಗಿ ಸ್ಕ್ರಿಪ್ಟ್‌ಗೆ ಕೈ ಹಾಕುವ ಮೊದಲೇ ಫೋನ್ ಹಿಡಿದು ಕೂತೆ.

ಆಹ್ವಾನ ಪತ್ರಿಕೆ ನೋಡಿಕೊಂಡು ಹೆಸರು ಓದುವ ಅಭ್ಯಾಸ ನನಗಿಲ್ಲ. ನುಡಿ ತಂತ್ರಾಂಶದ ಅಕ್ಷರದಿಂದ ಯೂನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರ ಹಾರಿಹೋಗಿರುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗಿರುತ್ತದೆ. ಫೋನಿನಲ್ಲಿ ಕೇಳುವುದಕ್ಕೂ ಒಂದು ಕ್ರಮವಿದೆ. ನಾವು ಹೆಸರು ಹೇಳಿ "ಸರೀನಾ?" ಎಂದರೆ ಹಿರಿಯರು ದಾಕ್ಷಿಣ್ಯಕ್ಕೆ ಹೂಂಗುಟ್ಟಿಬಿಡುತ್ತಾರೆ. ಅದಕ್ಕೇ ಕಲಬುರಗಿಯವರಿಗೆ, "ಅಜ್ಜಾರ, ನಿಮ್ಮ ಹೆಸರು ನೀವ ಒಮ್ಮೆ ಹೇಳ್ರಿ, ನಾ ಬರ್ಕೋತೀನಿ" ಅಂದೆ. ಹೇಳಿದರು. ಪತ್ರಿಕೆಯಲ್ಲಿ ಬರೀ 'ಜ' ಇದ್ದ ಕಡೆ ಉರ್ದುವಿನ ತೆಳುವಾದ 'ಜ಼' ಕೇಳಿಸಿತು. "ಹೆಸರಿನ ಹಿಂದಿರೋದು ಊರೋ, ಮನೆತನಾನೋ?" ಎಂದೂ ಕೇಳಿದೆ. ಮನೆತನವಂತೆ. ಅದನ್ನು ಊರೆಂದುಕೊಂಡು 'ಅಲ್ಲಿಂದ ಬಂದವರು' ಎಂದು ಪರಿಚಯಿಸಿದ್ದರೆ ಅವರ ಕಡೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಬರೆದುಕೊಳ್ಳುವಾಗ ಅಕ್ಷರಕ್ಕಿಂತ ಉಚ್ಚಾರಕ್ಕೆ ಬೆಲೆ ಕೊಡುತ್ತೇನೆ. ಎಲ್ಲಿ ಬಿಡಿಸಿ ಹೇಳಬೇಕೋ ಅಲ್ಲಿ ಗೆರೆ, ನಾಲಿಗೆ ಹೊರಳುವ ಕಡೆ ಕೆಂಪು ಚುಕ್ಕಿ. ನನ್ನ ಬಾಯಿ ಹಳೇ ಮೈಸೂರಿನದು, ಅವಸರದಲ್ಲಿ 'ಹ' ನುಂಗುತ್ತದೆ. ಅಂಥ ಹೆಸರಿಗೆ ಚುಕ್ಕಿ ಎರಡು. 'ಡಾ.' ಎಂದಿದ್ದರೆ ಅದನ್ನು ಹೇಳಬೇಕೇ ಬೇಡವೇ ಎಂದು ಅವರನ್ನೇ ಕೇಳುತ್ತೇನೆ. ಗೌರವ ಡಾಕ್ಟರೇಟ್ ಇರುವ ಕೆಲವರಿಗೆ ಹಾಗೆ ಕರೆಸಿಕೊಳ್ಳುವುದು ಹಿಡಿಸುವುದಿಲ್ಲ.

ಇನ್ನು ಸ್ಕ್ರಿಪ್ಟ್. ಹಾಳೆಯ ಎಡಕ್ಕೆ ವೇದಿಕೆಯಲ್ಲಿ ಆಗುವ ಕೆಲಸ, ಬಲಕ್ಕೆ ನನ್ನ ಮಾತು. ಒಬ್ಬರಿಗೆ ಒಂದೇ ಹಾಳೆ, ಒಂದೇ ಮಗ್ಗುಲು, ಪಿನ್ ಹೊಡೆಯುವುದಿಲ್ಲ. ಅಕ್ಷರ ದೊಡ್ಡದು, ಯಾಕೆಂದರೆ ಪೋಡಿಯಂ ಮೇಲೆ ಬೆಳಕು ಎಂದೂ ಸಾಲದು. ಎಡಗಡೆ ಹೀಗಿರುತ್ತದೆ: ಕುರ್ಚಿಗೆ ಕರೆತರುವುದು, ಪೇಟ, ಶಾಲು, ಹಾರ, ಫಲತಾಂಬೂಲ, ಪ್ರಶಸ್ತಿ ಫಲಕ, ಫೋಟೊ. ಇದೆಲ್ಲ ಮುಗಿಯಲು ಸುಮಾರು ಒಂದೂವರೆ ನಿಮಿಷ ಬೇಕು. ಆ ಹೊತ್ತಿನಲ್ಲಿ ಪರಿಚಯ ಓದುವವರಿದ್ದಾರೆ, ನನಗೆ ಅದು ಒಪ್ಪುವುದಿಲ್ಲ. ಸಭೆಯ ಕಣ್ಣೆಲ್ಲ ಪೇಟದ ಮೇಲೆ; ಮಾತು ಯಾರ ಕಿವಿಗೂ ಬೀಳದು. ಪುರಸ್ಕೃತರು ಕೂತಿರುವಾಗಲೇ ಪರಿಚಯ ಮುಗಿಸಿ, ಹೆಸರನ್ನು ಕಟ್ಟಕಡೆಗೆ ಹೇಳುತ್ತೇನೆ. ಮದ್ದಳೆಗಾರರಿಗೆ ಬರೆದದ್ದು ಹೀಗೆ:

"ಭಾಗವತರ ಪದ ಎಲ್ಲಿ ತಿರುಗುತ್ತದೆ ಎಂದು ಇವರ ಬೆರಳಿಗೆ ಮೊದಲೇ ಗೊತ್ತು. ತೆಂಕುತಿಟ್ಟಿನ ಹಿಮ್ಮೇಳದಲ್ಲಿ ನಾಲ್ಕು ದಶಕ ಮದ್ದಳೆ ನುಡಿಸಿದವರು, ಮನೆಯ ಜಗಲಿಯಲ್ಲೇ ಹುಡುಗರಿಗೆ ಪಾಠ ಹೇಳಿದವರು. ಈ ಸಾಲಿನ ಪ್ರಶಸ್ತಿ ಸ್ವೀಕರಿಸಲು ವೇದಿಕೆಯ ಮುಂಭಾಗಕ್ಕೆ ದಯಮಾಡಿಸಬೇಕು, ಶ್ರೀ..."

ಹೆಸರು ಬಿದ್ದ ಕೂಡಲೇ ಚಪ್ಪಾಳೆ. ಆ ಚಪ್ಪಾಳೆಯಲ್ಲೇ ಅವರು ಎದ್ದು ನಡೆಯುತ್ತಾರೆ. ನಾನು ಬಾಯಿ ಮುಚ್ಚುತ್ತೇನೆ, ನಾದಸ್ವರದವರು ಎತ್ತಿಕೊಳ್ಳುತ್ತಾರೆ. ಪರಿಚಯ 90 ಪದ ದಾಟಿದರೆ ನನ್ನ ಓದಿಗೆ ಒಂದು ನಿಮಿಷ ಮೀರುತ್ತದೆ, ಸಭೆ ಗುಸುಗುಸು ಶುರುಮಾಡುತ್ತದೆ. ಸಂಘಟಕರು ಕೊಟ್ಟ ಎರಡು ಪುಟದ ಸ್ವವಿವರದಲ್ಲಿ ಪ್ರಶಸ್ತಿಗಳ ಪಟ್ಟಿಯನ್ನೇ ಮೊದಲು ತೆಗೆಯುತ್ತೇನೆ. ಅವು ಹೇಗೂ ಮಾನಪತ್ರದಲ್ಲಿರುತ್ತವೆ.

ಒಬ್ಬರಿಂದ ಮತ್ತೊಬ್ಬರಿಗೆ ದಾಟುವ ಸಾಲುಗಳನ್ನು ಈ ಹಾಳೆಗಳಲ್ಲಿ ಬರೆಯುವುದಿಲ್ಲ, ಬೇರೆ ಚೀಟಿಗಳಲ್ಲಿಡುತ್ತೇನೆ. ಅಂದು ಅದು ಕೈ ಹಿಡಿಯಿತು. ಡೊಳ್ಳಿನವರ ಬಸ್ಸು ತಡವಾಗಿ, ಮದ್ದಳೆಯ ನಂತರ ನೇರ ಸೋಬಾನೆಗೆ ಹೋಗಬೇಕಾಯಿತು. "ಮದ್ದಳೆಯಲ್ಲಿ ಬೆರಳು ಮಾತಾಡಿತು, ಡೊಳ್ಳಿನಲ್ಲಿ ಇಡೀ ಮೈಯೇ ಮಾತಾಡುತ್ತದೆ" ಎಂಬ ಚೀಟಿಯನ್ನು ಎತ್ತಿಟ್ಟು ಇನ್ನೊಂದನ್ನು ತೆಗೆದೆ: "ರಂಗಸ್ಥಳದ ಹಿಮ್ಮೇಳದಿಂದ ಈಗ ಮದುವೆ ಚಪ್ಪರದ ಹಾಡಿಗೆ." ಅಷ್ಟೇ ಸಾಕು. 'ಈಗ ಕಾರ್ಯಕ್ರಮದ ಮುಂದಿನ ಭಾಗವಾಗಿ' ಎಂದು ಹತ್ತು ಸಲ ಹೇಳುವ ಬದಲು ಇಂಥ ಒಂದು ಸಾಲು, ಅದೂ ಹಿಂದಿನವರ ಕಲೆಯಿಂದಲೇ ಎತ್ತಿದ್ದು. ಕವಿತೆಯ ಸಾಲು, ಶಾಯರಿ ಬೇಡ, ಪ್ರಶಸ್ತಿ ನಿರೂಪಕಿಯದಲ್ಲ.

ವೇದಿಕೆಯ ಗಣ್ಯರ ಹೆಸರಿನ ಕ್ರಮವನ್ನು ಮಾತ್ರ ನಾನು ನಿರ್ಧರಿಸುವುದಿಲ್ಲ. ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿ ಎಂದು ಸಂಘಟಕರೇ ಬರೆದು ಸಹಿ ಹಾಕಿದ ಪಟ್ಟಿ ಕೈಯಲ್ಲಿರಬೇಕು. ಸಮಯದ ಲೆಕ್ಕ ಹಾಕುವಾಗ ನಾಡಗೀತೆಗೆ ಎರಡೂವರೆ ನಿಮಿಷ ಹಿಡಿಯುತ್ತೇನೆ. 2022ರ ಸರ್ಕಾರಿ ಆದೇಶ ಮೈಸೂರು ಅನಂತಸ್ವಾಮಿಯವರ ಧಾಟಿಗೆ ಗೊತ್ತುಮಾಡಿದ ಅವಧಿ ಅದು.

ಗುರುತು ಹಾಕಿದ ಹೆಸರಿನ ಹಾಳೆಯ ಒಂದು ಪ್ರತಿಯನ್ನು ವಂದನಾರ್ಪಣೆಯವರಿಗೂ ಕೊಟ್ಟಿರುತ್ತೇನೆ, ಕಾರ್ಯಕ್ರಮಕ್ಕೆ ಮೊದಲೇ ಒಂದು ಸಲ ಜೋರಾಗಿ ಓದಿಸಿಯೂ ಇರುತ್ತೇನೆ.